ಫ್ರೆಂಚ್‌ನ ಮೂಗಿನ ಸ್ವರ ಗುರುತಿಸೋದು ಹೆಂಗ?

ಕಲಬುರಗಿಯಾಗ ಫ್ರೆಂಚ್ ಕಲೀಲಿಕತ್ತೀನ್ರಿ. ಬೊ (ಸುಂದರ), ಬೊಂ (ಒಳ್ಳೆಯ, ಪುಲ್ಲಿಂಗ), ಬೊನ್ (ಒಳ್ಳೆಯ, ಸ್ತ್ರೀಲಿಂಗ) ಮೂರೂ ಕಿವಿಗೆ ಬೇರೆ ಅನಸವಲ್ದು. ಏನ್ ಮಾಡ್ಲಿ?

ತೊಡಕು ನಮ್ಮ ಸೊನ್ನೆಯದು. ಕನ್ನಡದಲ್ಲಿ ‘ಬೊಂ’ ಎಂದು ಬರೆದರೆ ತುಟಿ ಮುಚ್ಚಿ ‘ಮ್’ ಅಂತೀವಿ. ಫ್ರೆಂಚ್‌ನಲ್ಲಿ ಅಲ್ಲಿ ವ್ಯಂಜನವೇ ಇಲ್ಲ. ಬಾಯಿ ತೆರೆದೇ ಇರುತ್ತದೆ, ಉಸಿರು ಬಾಯಿ ಮೂಗು ಎರಡರಿಂದಲೂ ಹೋಗುತ್ತದೆ. ಈ ದನಿ ನಿಮ್ಮೂರ ಬಜಾರಿನಲ್ಲೇ ಇದೆ: ದಖ್ಖನಿಯ ‘ಹಾಂ’, ‘ಬಾತಾಂ’ ಕೊನೆ ಕೇಳಿ, ತುಟಿ ಕೂಡೋದಿಲ್ಲ.

ಮೂರನ್ನೂ ಕೊನೆಯಲ್ಲಿ ಎಳೆದು ಹೇಳುತ್ತ, ನಡುವೆ ಮೂಗು ಹಿಡಿಯಿರಿ. ‘ಬೊ’ ಬದಲಾಗದು. ‘ಬೊಂ’ ನೆಗಡಿಯಾದಂತೆ ಗುಂಯ್ಗುಟ್ಟುತ್ತದೆ, ಆದರೆ ನಿಲ್ಲದು. ‘ಬೊನ್’ನ ‘ನ್’ ಎಳೆಯುವಾಗ ಹಿಡಿದರೆ ದನಿ ಪೂರ್ತಿ ನಿಂತೇಬಿಡುತ್ತದೆ. ‘ಬೊಂ’ ಕೂಡ ನಿಂತರೆ ನೀವು ‘ಮ್’ ಸೇರಿಸಿದ್ದೀರಿ.

ಕೇಳುವಾಗ ಪದದ ಕೊನೆಗೆ ಕಿವಿ ಕೊಡಿ: ನಾಲಗೆ ಹಲ್ಲಿನ ಹಿಂದೆ ತಾಕಿ ಬಿಟ್ಟ ಸಣ್ಣ ‘ನ್’ ಕೇಳಿದರೆ ‘ಬೊನ್’. ಅದಿಲ್ಲದೆ ಸ್ವರವೇ ಮೂಗಿನಲ್ಲಿ ಮೊಳಗಿದರೆ ‘ಬೊಂ’. ‘ತೊಂಬೆ’ (ಬೀಳು) ತರಹದ ಪದ ಆಮೇಲೆ ಹಿಡಿಯಿರಿ. ‘ಬ’ ಮುಂದಿದ್ದರೆ ನಮ್ಮ ಕಿವಿ ‘ಮ್’ ತಾನೇ ಸೇರಿಸಿಕೊಳ್ಳುತ್ತದೆ.