60,000 ರಿಪೇರಿಗೆ 24,000 ಮಾತ್ರ ಯಾಕೆ?

"ಕಲಬುರಗಿಯಲ್ಲಿ ಸಣ್ಣ ಪ್ರೆಸ್ ಇದೆ. ವೋಲ್ಟೇಜ್ ಏರಿ ಆಫ್‌ಸೆಟ್ ಮಷೀನಿನ ಮೋಟರ್, ಪ್ಯಾನೆಲ್ ಸುಟ್ಟವು. ರಿಪೇರಿ 60,000 ರೂಪಾಯಿ. ಸೆಕೆಂಡ್‌ಹ್ಯಾಂಡ್ ಮಷೀನು, 4 ಲಕ್ಷಕ್ಕೆ ತಗೊಂಡಿದ್ದು. ಬ್ರೇಕ್‌ಡೌನ್ ಪಾಲಿಸಿಯೂ ಅಷ್ಟಕ್ಕೇ. ಸರ್ವೇಯರ್ 24,000 ಅಂತಾರೆ. ಯಾಕೆ?"

ಬಹುಶಃ ವಿಮಾ ಮೊತ್ತ ಕಡಿಮೆ ಇಟ್ಟಿದ್ದಕ್ಕೆ ಈ ಕಡಿತ. ಈ ಪಾಲಿಸಿಯಲ್ಲಿ ನೀವು ಕೊಟ್ಟ ಬೆಲೆ ಲೆಕ್ಕಕ್ಕಿಲ್ಲ. ಅದೇ ಸಾಮರ್ಥ್ಯದ ಹೊಸ ಮಷೀನಿಗೆ ಇವತ್ತು ಎಷ್ಟಾಗುತ್ತದೋ ಅಷ್ಟಕ್ಕೆ ವಿಮೆ ಇರಬೇಕು, ಸಾಗಣೆ, ಫಿಟ್ಟಿಂಗ್ ಖರ್ಚೂ ಸೇರಿ. ಅವರು ಹೊಸದಕ್ಕೆ 10 ಲಕ್ಷ ಹಿಡಿದಂತಿದೆ. ನಿಮ್ಮದು 4 ಲಕ್ಷ, ಅಂದರೆ 60,000ದಲ್ಲಿ ಶೇ. 40. ಎಕ್ಸೆಸ್, ಅಂದರೆ ಕ್ಲೇಮಿನಲ್ಲಿ ನೀವೇ ಹಾಕಿಕೊಳ್ಳಬೇಕಾದ ಪಾಲು, ಬೇರೆ ಕಳೆಯಬಹುದು, ನೋಡಿಕೊಳ್ಳಿ.

ಮೊದಲು ಸರ್ವೇ ವರದಿಯ ಪ್ರತಿ ಕೇಳಿ. ಯಾವ ಮಾಡೆಲ್‌ನ ಬೆಲೆ ಹಿಡಿದಿದ್ದಾರೆ ಅನ್ನೋದೇ ಮುಖ್ಯ. ಜಗಳ ಮಾಡೋದಾದರೆ ಇಲ್ಲೇ ಮಾಡಿ, ಬೇರೆ ಕಡೆ ಸುಮ್ನೆ ಸಮಯ ದಂಡ. ನಿಮ್ಮದು ಸಿಂಗಲ್ ಕಲರ್ ಆಗಿದ್ದು ಅವರು ಟೂ ಕಲರ್ ಹಿಡಿದಿದ್ದರೆ, ಡೀಲರ್‌ನಿಂದ ಅದೇ ಸೈಜಿನ ಸಿಂಗಲ್ ಕಲರ್ ಮಷೀನಿಗೆ ಕೊಟೇಶನ್ ತಂದು ಪತ್ರದ ಜೊತೆ ಕೊಡಿ. ಹೊಸದರ ಬೆಲೆ 8 ಲಕ್ಷ ಅಂತ ಒಪ್ಪಿದರೆ ನಿಮಗೆ 30,000 ಬರುತ್ತದೆ. ಮಷೀನು ಹಳೆಯದು ಅಂತ ಸವಕಳಿಯನ್ನೂ ಕಳೆದಿದ್ದರೆ, ಪಾಲಿಸಿಯ ಯಾವ ಷರತ್ತಿನ ಮೇಲೆ ಅಂತ ಬರವಣಿಗೆಯಲ್ಲಿ ಕೇಳಿ. ತೀರ್ಮಾನ ಆಗುವವರೆಗೆ ಸುಟ್ಟ ಮೋಟರ್, ಪ್ಯಾನೆಲ್ ಗುಜರಿಗೆ ಹಾಕಬೇಡಿ.

ವಿಮಾ ಮೊತ್ತ ಈಗಲೇ ಏರಿಸಿಕೊಳ್ಳಬಹುದು, ಆದರೆ ಈ ಕ್ಲೇಮಿಗೆ ಅದು ಅನ್ವಯಿಸುವುದಿಲ್ಲ. ಕಂಪ್ಯೂಟರ್‌ಗಳಿಗೆ ಎಲೆಕ್ಟ್ರಾನಿಕ್ ಉಪಕರಣಗಳ ಪಾಲಿಸಿ ಇದ್ದರೆ ಅದರ ಮೊತ್ತವನ್ನೂ ನೋಡಿ, ಅಲ್ಲೂ ಇದೇ ಲೆಕ್ಕ.