D4341 ಎಷ್ಟು ಸಲ ಬಂದಿದೆ?

“ಅಕ್ಕಾ, ನಮ್ಮದು ಕೋಲಾರ. ಅಮೆರಿಕಕ್ಕೆ ಬಂದು ಐದು ತಿಂಗಳಾಯಿತು. ಹಲ್ಲು ಕ್ಲೀನ್ ಮಾಡಿಸಲು ಹೋದರೆ ಎರಡು ಪುಟದ ಎಸ್ಟಿಮೇಟ್ ಕೊಟ್ಟರು. ಇದರಲ್ಲಿ ಯಾವುದು ಬೇಕು, ಯಾವುದು ಬೇಡ?”

ಒಟ್ಟು ಮೊತ್ತವನ್ನು ಆಮೇಲೆ ನೋಡಿ. ಮೊದಲು D4341 ಎಂಬ ಕೋಡ್ ಎಷ್ಟು ಸಾಲಿನಲ್ಲಿದೆ ಎಂದು ಎಣಿಸಿ. ವಸಡಿನೊಳಗೆ, ಬೇರಿನ ಮೇಲೆ ಗಟ್ಟಿಯಾಗಿ ಕೂತ ಕೊಳೆಯನ್ನು ಕೆರೆಯುವ ಡೀಪ್ ಕ್ಲೀನಿಂಗ್ ಅದು. ಬಾಯಿಯನ್ನು ನಾಲ್ಕು ಭಾಗ ಮಾಡಿ, ಒಂದೊಂದು ಭಾಗಕ್ಕೂ ಪ್ರತ್ಯೇಕ ದರ ಹಾಕುತ್ತಾರೆ. ಮಾಮೂಲಿ ಕ್ಲೀನಿಂಗ್ ಆದರೆ D1110, ಇಡೀ ಬಾಯಿಗೆ ಒಂದೇ ಸಾಲು.

ಡೀಪ್ ಕ್ಲೀನಿಂಗ್ ಬೇಕೋ ಬೇಡವೋ ಎಂಬುದು ವಸಡಿನ ಚಾರ್ಟ್ ನೋಡಿದರೆ ತಿಳಿಯುತ್ತದೆ. ಸಣ್ಣ ಕಡ್ಡಿಯಿಂದ ಪ್ರತಿ ಹಲ್ಲಿನ ಸುತ್ತ ಆರು ಕಡೆ ಅಳೆದು, ವಸಡು ಎಷ್ಟು ಮಿಲಿಮೀಟರ್ ಆಳ ಬಿಟ್ಟುಕೊಂಡಿದೆ ಎಂದು ಅದರಲ್ಲಿ ಬರೆದಿರುತ್ತಾರೆ. 1ರಿಂದ 3 ಇದ್ದರೆ ಚಿಂತೆಯಿಲ್ಲ. 4 ಅಥವಾ ಹೆಚ್ಚಿದ್ದು, ರಕ್ತವೂ ಬಂದು, ಎಕ್ಸ್‌ರೇಯಲ್ಲಿ ಮೂಳೆ ಸವೆದದ್ದೂ ಕಂಡರೆ ಮಾಡಿಸಲೇಬೇಕು; ಈ ಕಾಯಿಲೆಗೆ ಸಾಮಾನ್ಯವಾಗಿ ನೋವಿರುವುದಿಲ್ಲವಾದ್ದರಿಂದ, ನೋವಿಲ್ಲವೆಂದು ಮುಂದೂಡಬಾರದು.

ನನಗೆ ಕೊಟ್ಟ ಎಸ್ಟಿಮೇಟಿನಲ್ಲಿ D4341 ನಾಲ್ಕು ಸಲ ಇತ್ತು; ಜೊತೆಗೆ ವಸಡಿನೊಳಗೆ ಔಷಧಿ ಇಡುವ D4381 ಆರು ಹಲ್ಲಿಗೆ, 30 ಮತ್ತು 19ನೇ ಹಲ್ಲುಗಳಿಗೆ ಕ್ರೌನ್. ಚಾರ್ಟ್ ಕೇಳಿ ಪಡೆದು, ರಜೆಗೆ ಊರಿಗೆ ಹೋದಾಗ ಎಕ್ಸ್‌ರೇ ಸಮೇತ ತುಮಕೂರಿನ ನಮ್ಮ ಹಳೆಯ ದಂತವೈದ್ಯರಿಗೆ ತೋರಿಸಿದೆ. “ಮೂವತ್ತು ಅಂದರೆ ಯಾವುದಮ್ಮಾ?” ಎಂದು ಅವರು ಕೇಳಿದರು, ಅಮೆರಿಕದಲ್ಲಿ 30 ಎನ್ನುವ ಕೆಳಗಿನ ಬಲಗಡೆಯ ಮೊದಲ ದವಡೆ ಹಲ್ಲನ್ನು ನಮ್ಮವರು 46 ಎನ್ನುತ್ತಾರೆ.

ಚಾರ್ಟಿನಲ್ಲಿ ಮೂರು ಭಾಗಗಳ ಆಳ ಬರೀ 2, 3 ಇತ್ತು. ಕೆಳಗಿನ ಬಲಭಾಗದ ಎರಡೇ ಹಲ್ಲುಗಳಲ್ಲಿ 5 ಇದ್ದು, ಅಲ್ಲಿ ಮೂಳೆಯೂ ಸ್ವಲ್ಪ ಇಳಿದಿತ್ತು. D4341 ಒಂದು ಭಾಗದಲ್ಲಿ ನಾಲ್ಕು ಅಥವಾ ಹೆಚ್ಚು ಹಲ್ಲುಗಳಿಗೆ ಸಲ್ಲುವ ಕೋಡ್. ಒಂದರಿಂದ ಮೂರು ಹಲ್ಲಿಗೆ D4342 ಎಂಬ ಕಡಿಮೆ ದರದ್ದು ಬೇರೆಯೇ ಇದೆ. ಕೊನೆಗೆ ನಾನು ಮಾಡಿಸಿದ್ದು ಅದೊಂದನ್ನೇ, ಉಳಿದ ಬಾಯಿಗೆ ಮಾಮೂಲಿ ಕ್ಲೀನಿಂಗ್. ಔಷಧಿಯ ವಿಷಯವನ್ನು, ಕೆರೆದ ಕೆಲವು ವಾರಗಳ ನಂತರ ಮತ್ತೆ ಅಳೆದು, ಆಳ ಇಳಿಯದಿದ್ದ ಕಡೆ ಮಾತ್ರ ಯೋಚಿಸಿದರಾಯಿತು ಎಂದರು ತುಮಕೂರಿನ ವೈದ್ಯರು, ನನಗೆ ಬೇಕಾಗಲಿಲ್ಲ.

30ನೆಯದಕ್ಕೆ ಊರಿನಲ್ಲಿ ರೂಟ್ ಕೆನಾಲ್ ಆಗಿದ್ದು, ಮೇಲೆ ಕ್ಯಾಪ್ ಹಾಕಿಸದೆ ಬಿಟ್ಟಿದ್ದೆ. ಅಂಥ ದವಡೆ ಹಲ್ಲು ಅಗಿಯುವಾಗ ಸೀಳಿಬಿಡುವ ಅಪಾಯವಿರುವುದರಿಂದ ಆ ಕ್ರೌನ್ ನಿಜಕ್ಕೂ ಅಗತ್ಯವಾಗಿತ್ತು. 19ರಲ್ಲಿ ಇದ್ದದ್ದು ಹಳೆಯ ಬೆಳ್ಳಿ ಫಿಲ್ಲಿಂಗ್. ಬಿರುಕಿಲ್ಲ, ಹುಳುಕಿಲ್ಲ, ಅಂಚು ಕಪ್ಪಾಗಿತ್ತಷ್ಟೆ. ಲೋಹದ ಕೆಳಗಿನದೆಲ್ಲ ಎಕ್ಸ್‌ರೇಯಲ್ಲಿ ಕಾಣದ ಕಾರಣ ಅದನ್ನು ಆರು ತಿಂಗಳಿಗೊಮ್ಮೆ ನೋಡಿಸುತ್ತಿದ್ದೇನೆ, ಇನ್ನೂ ಮುಟ್ಟಿಸಿಲ್ಲ.

ಚಾರ್ಟ್ ಮತ್ತು ಎಕ್ಸ್‌ರೇಯ ಪ್ರತಿ ಪಡೆಯುವ ಹಕ್ಕು ಅಮೆರಿಕದ ಕಾನೂನಿನಲ್ಲಿ ನಿಮಗಿದೆ. ಅವನ್ನು ಇನ್ನೊಬ್ಬ ದಂತವೈದ್ಯರಿಗೆ ತೋರಿಸುವಾಗ ಮೊದಲಿನ ಎಸ್ಟಿಮೇಟನ್ನು ಮಾತ್ರ ಚೀಲದಲ್ಲೇ ಇಟ್ಟುಕೊಳ್ಳಿ.