ಒಂದೇ ಕಂಪನಿಯಲ್ಲಿ ಎರಡು ಬೇರೆ ಹುದ್ದೆಗೆ ಅರ್ಜಿ ಹಾಕಿದರೆ ತಪ್ಪಾಗಿ ಕಾಣುತ್ತಾ?

ಪ್ರಶ್ನೆ: "ನಾನು ಸೇರಬೇಕೆಂದಿರುವ ಕಂಪನಿಯಲ್ಲಿ ಎರಡು ಬೇರೆ ಬೇರೆ ಹುದ್ದೆ ಖಾಲಿ ಇವೆ. ಎರಡೂ ನನಗೆ ಹೊಂದುತ್ತವೆ. ಎರಡಕ್ಕೂ ಬೇರೆ ಬೇರೆ ರೆಸ್ಯೂಮೆ ಮಾಡಿ ಕಳಿಸಲಾ? ಏನು ಬೇಕು ಅಂತಲೇ ಗೊತ್ತಿಲ್ಲದವರ ಥರ ಕಾಣಬಾರದು."

ಇದೇ ಯೋಚನೆಯಲ್ಲಿ ನಾನು ಎರಡು ರಾತ್ರಿ ಕೂತು ಎರಡು ರೆಸ್ಯೂಮೆ ಮಾಡಿದ್ದೆ. ಎರಡೂ ಕೆಲಸ ಕೈತಪ್ಪಿದವು.

ಆಗ ನಾನು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಸಪೋರ್ಟ್ ಸ್ಪೆಷಲಿಸ್ಟ್. ನಾಲ್ಕು ವರ್ಷ ಆಗಿತ್ತು. ಅರ್ಧ ದಿನ ಗ್ರಾಹಕರ ದೂರು ಬಗೆಹರಿಸುವುದು, ಉಳಿದರ್ಧ ಆ ದೂರುಗಳ ಲೆಕ್ಕ ತೆಗೆದು ಪ್ರತಿ ವಾರ ರಿಪೋರ್ಟ್ ಮಾಡುವುದು. ಇನ್ನೊಂದು ಕಂಪನಿಯಲ್ಲಿ ಡೇಟಾ ಅನಲಿಸ್ಟ್ ಮತ್ತು ಕಸ್ಟಮರ್ ಸಕ್ಸೆಸ್ ಮ್ಯಾನೇಜರ್, ಎರಡೂ ಹುದ್ದೆ ಒಟ್ಟಿಗೆ ಬಿದ್ದವು. ಎರಡೂ ನಾನು ಮಾಡುತ್ತಿದ್ದ ಕೆಲಸವೇ.

ಒಂದು ರೆಸ್ಯೂಮೆಯಲ್ಲಿ ನನ್ನ ಆ ನಾಲ್ಕು ವರ್ಷದ ಹುದ್ದೆಯನ್ನು "ಡೇಟಾ ಅನಲಿಸ್ಟ್, ಸಪೋರ್ಟ್" ಅಂತ ಬರೆದೆ. ಇನ್ನೊಂದರಲ್ಲಿ ಅದೇ ನಾಲ್ಕು ವರ್ಷಕ್ಕೆ "ಕಸ್ಟಮರ್ ಸಕ್ಸೆಸ್ ಲೀಡ್" ಅಂತ ಬರೆದೆ. ಸುಳ್ಳು ಹೇಳುತ್ತಿದ್ದೇನೆ ಅಂತ ನನಗೆ ಅನ್ನಿಸಲೇ ಇಲ್ಲ. ಮಾಡುತ್ತಿದ್ದದ್ದು ಅದೇ ಕೆಲಸ ಅಲ್ವಾ, ಹೆಸರು ಮಾತ್ರ ಅವರಿಗೆ ಅರ್ಥವಾಗುವ ಹಾಗೆ ಬರೆದಿದ್ದೇನೆ ಅಂದುಕೊಂಡೆ. ಸಾಲದ್ದಕ್ಕೆ, ಒಂದರ ವಿಷಯ ಇನ್ನೊಂದಕ್ಕೆ ಗೊತ್ತಾಗದಿರಲಿ ಅಂತ ಎರಡನೆಯದನ್ನು ಬೇರೆ ಇಮೇಲ್‌ನಿಂದ ಹಾಕಿದೆ. ಫೋನ್ ನಂಬರ್ ಮಾತ್ರ ಒಂದೇ.

ಎಂಟು ದಿನದ ಮೇಲೆ ಫೋನ್ ಬಂತು. ಎರಡೂ ಹುದ್ದೆಯ ನೇಮಕಾತಿ ನೋಡುತ್ತಿದ್ದವರು ಒಬ್ಬರೇ. ಅವರು ಜೋರು ಮಾಡಲಿಲ್ಲ, ತುಂಬ ಸಮಾಧಾನವಾಗಿಯೇ ಕೇಳಿದರು: "ನಿಮ್ಮ ಎರಡು ರೆಸ್ಯೂಮೆ ನನ್ನ ಮುಂದೆ ಇವೆ. ಆಫರ್ ಲೆಟರ್‌ನಲ್ಲಿ ನಿಮ್ಮ ಹುದ್ದೆಯ ಹೆಸರು ಏನಿದೆ?" ನಾನು ಸಪೋರ್ಟ್ ಸ್ಪೆಷಲಿಸ್ಟ್ ಅಂದೆ. ಆ ಹೆಸರು ಎರಡರಲ್ಲೂ ಇರಲಿಲ್ಲ. ಆಮೇಲೆ ನಾನು ಏನೇನೋ ವಿವರಣೆ ಕೊಟ್ಟೆ. ಅವರು ಕೇಳಿಸಿಕೊಂಡರು, ಅಷ್ಟೇ. ಮಾರನೇ ದಿನ ಎರಡಕ್ಕೂ ಬೇಡ ಅಂತ ಮೇಲ್ ಬಂತು.

ಇಲ್ಲಿ ಆದದ್ದೇನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಕೇಳಿರುವ "ಬೇರೆ ಬೇರೆ ರೆಸ್ಯೂಮೆ" ಇದೇ ದಾರಿ ಹಿಡಿಯುತ್ತದೆ. ಈಗ ಬಹಳಷ್ಟು ಕಂಪನಿಗಳಿಗೆ ಅರ್ಜಿಗಳು ಹೋಗುವುದು ಒಂದು ನೇಮಕಾತಿ ಸಾಫ್ಟ್‌ವೇರ್‌ಗೆ. ಅದರಲ್ಲಿ ಅರ್ಜಿಗೊಂದು ಫೈಲ್ ಅಲ್ಲ, ಮನುಷ್ಯನಿಗೊಂದು ಫೈಲ್. ನೀವು ಯಾವ ಯಾವ ಹುದ್ದೆಗೆ ಹಾಕಿದ್ದೀರಿ, ಯಾವ ರೆಸ್ಯೂಮೆ ಕೊಟ್ಟಿದ್ದೀರಿ, ಎಲ್ಲ ಅದೇ ಫೈಲ್‌ನಲ್ಲಿ ಸಾಲಾಗಿ ಕಾಣುತ್ತದೆ. ಇಮೇಲ್ ಬೇರೆಯಾದರೂ ಹೆಸರು, ಫೋನ್ ನಂಬರ್ ಒಂದೇ ಇದ್ದರೆ ಒಬ್ಬರೇ ಅಂತ ಕಂಡುಹಿಡಿಯುವುದು ಕಷ್ಟವಲ್ಲ. ಒಂದು ಹುದ್ದೆಗೆ ಹಾಕಿದ್ದು ಇನ್ನೊಂದು ಹುದ್ದೆಯವರಿಗೆ ಗೊತ್ತಾಗುವುದಿಲ್ಲ ಅಂತ ನಂಬಿಕೊಂಡು ಏನೇ ಮಾಡಿದರೂ ಅದು ತಲೆಕೆಳಗಾಗುತ್ತದೆ. ಬೇರೆ ಇಮೇಲ್ ಹಾಕಿದ್ದರಿಂದ ನನಗೆ ಇನ್ನೂ ಕೆಟ್ಟದಾಯಿತು. ಒಂದೇ ಇಮೇಲ್ ಇದ್ದಿದ್ದರೆ ಹುದ್ದೆಯ ಹೆಸರಿನದು ಬರೀ ಅಜಾಗರೂಕತೆ ಅನ್ನಬಹುದಿತ್ತು. ಎರಡು ಇಮೇಲ್ ನೋಡಿದವರಿಗೆ ಅದು ಬೇಕಂತಲೇ ಮುಚ್ಚಿಟ್ಟದ್ದು ಅಂತ ಕಂಡಿತು. ನಿಜಕ್ಕೂ ಮುಚ್ಚಿಟ್ಟದ್ದೇ ಆಗಿತ್ತು.

ಒಂದು ವೇಳೆ ಆ ಫೋನ್ ದಾಟಿ ಕೆಲಸ ಸಿಕ್ಕಿದ್ದರೂ ಉಳಿಯುತ್ತಿರಲಿಲ್ಲ. ಸೇರುವ ಮುಂಚೆ ಹಿನ್ನೆಲೆ ಪರಿಶೀಲನೆ ಮಾಡುವ ಕಂಪನಿಗಳು ಹಳೆಯ ಕಂಪನಿಯಿಂದ ಕೇಳುವುದೇ ಮುಖ್ಯವಾಗಿ ಹುದ್ದೆಯ ಹೆಸರು ಮತ್ತು ಸೇರಿದ, ಬಿಟ್ಟ ತಾರೀಖು. ನಾನು ತಿದ್ದಿದ್ದು ಸರಿಯಾಗಿ ಅದನ್ನೇ.

ಹಾಗಾಗಿ "ಹೇಗೆ ಕಾಣುತ್ತೇನೆ" ಅನ್ನುವ ನಿಮ್ಮ ಚಿಂತೆಯನ್ನು ನಾನು ಒಪ್ಪುವುದಿಲ್ಲ. ಹತ್ತಿರ ಹತ್ತಿರದ ಎರಡು ಹುದ್ದೆಗೆ ಹಾಕಿದ ಮಾತ್ರಕ್ಕೆ ಯಾರೂ ನಿಮ್ಮನ್ನು ಗೊಂದಲದ ಮನುಷ್ಯ ಅನ್ನುವುದಿಲ್ಲ. ಎರಡು ಅರ್ಜಿಯಲ್ಲಿ ಇಬ್ಬರು ಬೇರೆ ಬೇರೆ ಮನುಷ್ಯರು ಕಂಡರೆ ಮಾತ್ರ ತೊಂದರೆ.

ಒಂದೂವರೆ ವರ್ಷ ಬಿಟ್ಟು ಬೇರೆ ಕಂಪನಿಯಲ್ಲಿ ಇದೇ ಎರಡು ಹುದ್ದೆ ಬಂದವು. ಆಗ ಒಂದೇ ರೆಸ್ಯೂಮೆ ಇಟ್ಟುಕೊಂಡೆ. ಹುದ್ದೆ, ತಾರೀಖು, ಕಂಪನಿ, ಯಾವುದೂ ಎರಡು ಪ್ರತಿಯಲ್ಲಿ ಒಂದಕ್ಷರ ಬದಲಾಗಲಿಲ್ಲ. ಬದಲಾದದ್ದು ಹುದ್ದೆಯ ಕೆಳಗಿನ ಸಾಲುಗಳ ಕ್ರಮ. ಅನಲಿಸ್ಟ್ ಪ್ರತಿಯಲ್ಲಿ ವಾರದ ರಿಪೋರ್ಟ್ ಸಾಲು ಮೇಲೆ, ದೂರು ಬಗೆಹರಿಸಿದ ಸಾಲು ಕೆಳಗೆ. ಇನ್ನೊಂದರಲ್ಲಿ ಉಲ್ಟಾ. ಮೇಲಿನ ಪರಿಚಯದ ಎರಡು ಸಾಲು ಎರಡರಲ್ಲೂ ಒಂದೇ: "ಗ್ರಾಹಕರು ಯಾಕೆ ಬಿಟ್ಟು ಹೋಗುತ್ತಾರೆ ಅನ್ನುವುದನ್ನು ದೂರುಗಳ ಲೆಕ್ಕದಿಂದ ಹುಡುಕುತ್ತೇನೆ, ಅವರೊಡನೆ ಮಾತಾಡಿ ಸರಿಪಡಿಸುತ್ತೇನೆ." ಎರಡು ಹುದ್ದೆಯನ್ನೂ ಕಟ್ಟುವ ದಾರ ಇದು. ಪಕ್ಕಪಕ್ಕ ಇಟ್ಟು ಓದಿದರೂ ಒಬ್ಬರೇ ಕಾಣಬೇಕು. ಕಳಿಸುವ ಮುಂಚೆ ಅದನ್ನೇ ಮಾಡಿ ನೋಡಿ, ಎರಡೂ ಪ್ರತಿ ಎದುರಿಗಿಟ್ಟು ಓದಿ.

ಅಂಥ ಒಂದು ವಾಕ್ಯ ನಿಮ್ಮಿಂದ ಬರೆಯಲು ಆಗುತ್ತಿಲ್ಲವಾ? ಹಾಗಾದರೆ ಒಂದಕ್ಕೇ ಹಾಕಿ. ಅಕೌಂಟ್ಸ್‌ಗೂ ಡಿಸೈನ್‌ಗೂ ದಾರ ಹುಡುಕಲು ಹೋದರೆ ಅದು ಓದುವವರಿಗೆ ಗೊತ್ತಾಗಿಬಿಡುತ್ತದೆ. ಒಂದೇ ಹುದ್ದೆಯ ಜೂನಿಯರ್, ಸೀನಿಯರ್ ಎರಡಕ್ಕೂ ಹಾಕುವುದು ನನಗೆ ಇನ್ನೂ ಹಿಡಿಸುವುದಿಲ್ಲ. ನಿಮ್ಮ ಮಟ್ಟ ನಿಮಗೇ ಗೊತ್ತಿಲ್ಲ ಅಂತ ಹೇಳಿದ ಹಾಗೆ. ಕಂಪನಿಯ ನಿಯಮವನ್ನೂ ನೋಡಿಕೊಳ್ಳಿ. ಗೂಗಲ್ 30 ದಿನಕ್ಕೆ 3 ಅರ್ಜಿ ಅಂತ ಮಿತಿ ಇಟ್ಟಿದೆ, ಬೇರೆ ಕಡೆ ಬೇರೆ ಇರಬಹುದು.

ಇನ್ನು ಹೇಳುವ ವಿಷಯ. ಎರಡನೇ ಸಲ ನಾನು ಮುಚ್ಚಿಡಲಿಲ್ಲ. ಎರಡೂ ಅರ್ಜಿಯ ಕವರ್ ಲೆಟರ್‌ನ ಕೊನೆಗೆ ಒಂದೇ ಸಾಲು ಸೇರಿಸಿದೆ: "ನಿಮ್ಮಲ್ಲಿ ಇನ್ನೊಂದು ಹುದ್ದೆಗೂ ಅರ್ಜಿ ಹಾಕಿದ್ದೇನೆ, ನನ್ನ ಮೊದಲ ಆಯ್ಕೆ ಕಸ್ಟಮರ್ ಸಕ್ಸೆಸ್." ಅನಲಿಸ್ಟ್ ಅರ್ಜಿಯಲ್ಲೂ ಇದನ್ನೇ ಬರೆದೆ. ಕೈ ನಡುಗಿತು ನಿಜ. ಆದರೆ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಹೇಳಿದರೆ ಮತ್ತೆ ಅದೇ ಹಳ್ಳಕ್ಕೆ ಬೀಳುತ್ತಿದ್ದೆ.

ಮೊದಲ ಫೋನ್‌ನಲ್ಲೇ ಕೇಳಿದರು, ಎರಡರಲ್ಲಿ ಯಾವುದು ಬೇಕು ಅಂತ. "ಯಾವುದಾದರೂ ಸರಿ" ಅನ್ನಬೇಡಿ. ಗೊಂದಲದವರ ಥರ ಕಾಣುವುದು ಆ ಉತ್ತರದಿಂದ, ಎರಡು ಅರ್ಜಿಯಿಂದ ಅಲ್ಲ. ನಾನು ಹೇಳಿದೆ: "ಕಸ್ಟಮರ್ ಸಕ್ಸೆಸ್. ಗ್ರಾಹಕರ ಜೊತೆ ನೇರ ಮಾತಾಡುವುದು ನನಗೆ ಬೇಕು. ಅನಲಿಸ್ಟ್ ಹುದ್ದೆಯ ಪ್ರಕಟಣೆಯಲ್ಲಿ ಗ್ರಾಹಕರ ದೂರಿನ ರಿಪೋರ್ಟ್ ಅಂತ ಇದ್ದದ್ದಕ್ಕೆ ಅದಕ್ಕೂ ಹಾಕಿದೆ." ಅವರು ಅಲ್ಲೇ, "ಸರಿ, ಅನಲಿಸ್ಟ್ ಅರ್ಜಿಯನ್ನು ಸದ್ಯಕ್ಕೆ ಬದಿಗಿಡುತ್ತೇನೆ" ಅಂದರು.

ಮೂರು ಸುತ್ತಿನ ನಂತರ ಕಸ್ಟಮರ್ ಸಕ್ಸೆಸ್ ಆಫರ್ ಬಂತು. ಒಪ್ಪಿದ ದಿನವೇ ಅನಲಿಸ್ಟ್ ಅರ್ಜಿ ವಾಪಸ್ ತೆಗೆದುಕೊಂಡು, ಆ ತಂಡದ ಮ್ಯಾನೇಜರ್‌ಗೆ ಎರಡು ಸಾಲಿನ ಮೇಲ್ ಹಾಕಿದೆ. ಈಗ ಅವರು ನನಗೆ ಎರಡು ಮೇಜು ಆಚೆ ಕೂರುತ್ತಾರೆ, ದೂರಿನ ರಿಪೋರ್ಟ್ ನಾವಿಬ್ಬರೂ ಸೇರಿಯೇ ನೋಡುತ್ತೇವೆ.